ಅನ್ನ ಒಂದು ಹೊತ್ತು, ಬೇಳೆ ಇನ್ನೊಂದು ಹೊತ್ತು: ನನ್ನ ಅನುಭವ

ಅನ್ನವನ್ನೂ ಬೇಳೆಯನ್ನೂ ಒಂದೇ ತಟ್ಟೆಯಲ್ಲಿ ಉಣ್ಣದಿದ್ದರೆ ಪ್ರೋಟೀನ್ ಪೂರ್ಣವಾಗುವುದಿಲ್ಲವೆಂದು ಜೊತೆಯ ತರಬೇತುದಾರರು ಪಟ್ಟು ಹಿಡಿದಿದ್ದರು. ನಾನು ಹಗಲು ಅನ್ನವನ್ನೂ ರಾತ್ರಿ ಬೇಳೆಯನ್ನೂ ಉಂಡು ಕೆಲವು ತಿಂಗಳು ಭಾರ ಎತ್ತಿದೆ. ಎತ್ತುವ ತೂಕ ಕುಸಿಯಲಿಲ್ಲ. ಅಕ್ಕಿಯಲ್ಲಿ ಕಡಿಮೆ ಬೀಳುವುದು ಪ್ರೋಟೀನಿನ ಒಂದು ಘಟಕವಾದ ಲೈಸಿನ್ ಎಂಬ ಅಮೈನೋ ಆಮ್ಲ. ಅರುವತ್ತು ಕಿಲೋ ತೂಗುವ ನನಗೆ ದಿನಕ್ಕೆ ಸುಮಾರು 1,800 ಮಿಲಿಗ್ರಾಂ ಬೇಕು. 300 ಗ್ರಾಂ ಅಕ್ಕಿಯಿಂದ ಹೆಚ್ಚುಕಡಿಮೆ 750, ನೂರು ಗ್ರಾಂ ತೊಗರಿಬೇಳೆಯಿಂದ 1,500 ಬರುತ್ತದೆ. ಜೀರ್ಣವಾಗದೆ ಹೋಗುವ ಪಾಲನ್ನು ಕಳೆದರೂ ಲೆಕ್ಕ ಸರಿಹೋಗುತ್ತದೆ. ಸ್ನಾಯುಗಳಲ್ಲಿ ಬಿಡಿಯಾಗಿರುವ ಲೈಸಿನ್ ಕೆಲವು ಗಂಟೆಗಳ ಕೊರತೆಯನ್ನು ತುಂಬಿಕೊಡುವುದರಿಂದ, ದಿನದೊಳಗೆ ಎರಡೂ ಹೊಟ್ಟೆ ಸೇರಿದರೆ ಸಾಕು. ಪೋಷಣಾ ವಿಜ್ಞಾನಿಗಳಾದ ಯಂಗ್ ಮತ್ತು ಪೆಲೆಟ್ 1994ರಲ್ಲಿಯೇ ಇದನ್ನು ಬರೆದಿದ್ದಾರೆ.

ಆದರೆ ತೂಕ ಕುಸಿಯದಿರುವುದು ಬೇರೆ, ಏರುವುದು ಬೇರೆ. ಒಟ್ಟಿಗೆ ಉಂಡಾಗಲೂ ಏರಿಕೆ ಕಾಣಲಿಲ್ಲ, ಏಕೆಂದರೆ ಇಡೀ ದಿನದ ಅನ್ನ-ಬೇಳೆಯ ಒಟ್ಟು ಪ್ರೋಟೀನ್ ನಲವತ್ತು ಗ್ರಾಂ ಆಸುಪಾಸಿನಲ್ಲಿತ್ತು, ಮತ್ತು ಮೂರು ಹೊತ್ತಿಗೆ ಹಂಚಿದಾಗ ಲ್ಯೂಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಪ್ರತಿ ಊಟಕ್ಕೆ ಸುಮಾರು ಒಂದು ಗ್ರಾಂ ಮಾತ್ರ ಸಿಗುತ್ತಿತ್ತು. ಸ್ನಾಯು ಕಟ್ಟುವ ಕೆಲಸಕ್ಕೆ ಚುರುಕು ಮುಟ್ಟಿಸಲು ಎರಡೂವರೆ ಗ್ರಾಂ ಬೇಕೆಂಬುದು ನಾನು ಇಟ್ಟುಕೊಂಡಿರುವ ಅಂದಾಜು. ಬಿಡಿ ಲ್ಯೂಸಿನ್ ಪುಡಿಗೆ ದುಡ್ಡು ಸುರಿದೆ. ಅದು ಬಾಯಿಗೆ ಕಹಿ, ಮೇಲಾಗಿ ಉಳಿದ ಅಮೈನೋ ಆಮ್ಲಗಳು ಸಾಲದಿದ್ದಾಗ ಅದೊಂದರಿಂದ ಸ್ನಾಯು ಕಟ್ಟುವುದಿಲ್ಲ. ಬೇಳೆಯಿಂದಲೇ ಆ ಮಟ್ಟ ಮುಟ್ಟಲು ಒಂದೇ ಹೊತ್ತಿಗೆ ನೂರೈವತ್ತು ಗ್ರಾಂ ಬೇಯಿಸಿದಾಗ ಹೊಟ್ಟೆ ಉಬ್ಬರಿಸಿ ರಾತ್ರಿಯೆಲ್ಲ ನಿದ್ದೆ ಕೆಟ್ಟಿತು.

ಕೊನೆಗೆ ಫಲ ಕೊಟ್ಟದ್ದು ಅಭ್ಯಾಸದ ನಂತರದ ಒಂದು ತಟ್ಟೆ: ಒಣಗಿದ ತೂಕದಲ್ಲಿ ನಲವತ್ತು ಗ್ರಾಂ ಸೋಯಾ ಚಂಕ್ಸ್, ಐವತ್ತು ಗ್ರಾಂ ಬೇಳೆ, ಅರುವತ್ತು ಗ್ರಾಂ ಅಕ್ಕಿ. ಲ್ಯೂಸಿನ್ ಕ್ರಮವಾಗಿ ಒಂದೂವರೆ, ಮುಕ್ಕಾಲು ಹಾಗೂ ಕಾಲು ಗ್ರಾಂಗಿಂತ ತುಸು ಹೆಚ್ಚು ಬರುತ್ತದೆ. ಎರಡೂವರೆಯ ಗಡಿ ದಾಟುತ್ತದೆ. ಬೆಳಗಿನ ಊಟದಲ್ಲಿಯೂ ಅಷ್ಟೇ ಸೋಯಾ ಸೇರಿಸುತ್ತೇನೆ. ಚಂಕ್ಸ್ ಬೆಂದ ಮೇಲೆ ಹಿಂಡಿ, ನೀರು ಚೆಲ್ಲಿ, ಮತ್ತೊಮ್ಮೆ ಹಿಂಡುವುದು ಎಲ್ಲರಿಗೂ ಗೊತ್ತು. ಅದರ ನಂತರ ನಾನು ಮಾಡುವ ಒಂದು ಕೆಲಸವನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ. ಒಂದು ಋತು ಕಳೆಯುವಷ್ಟರಲ್ಲಿ ಸ್ಕ್ವಾಟ್ ಸುಮಾರು ಹದಿನೈದು ಕಿಲೋ ಏರಿತು, ಪುಡಿ ಡಬ್ಬಗಳ ಖರ್ಚು ಮೂರನೇ ಒಂದು ಭಾಗಕ್ಕೆ ಇಳಿಯಿತು. ಅಂದು ಪಟ್ಟು ಹಿಡಿದ ತರಬೇತುದಾರರಲ್ಲಿ ಇಬ್ಬರು ಈಗ ಇದೇ ಅಳತೆಯನ್ನು ಬರೆದುಕೊಂಡು ಹೋಗಿದ್ದಾರೆ.

ನಡುವೆ ಮೆಕ್ಕೆಜೋಳವನ್ನೂ ಪರೀಕ್ಷಿಸಿದೆ. ಅದರ ಪ್ರೋಟೀನಿನಲ್ಲಿ ಲ್ಯೂಸಿನ್ ಶೇಕಡಾ 12ರಷ್ಟಿದ್ದು ಸೋಯಾವನ್ನೇ ಮೀರಿಸುತ್ತದೆ, ಆದರೆ ಲೈಸಿನ್ ಅಕ್ಕಿಗಿಂತಲೂ ಕಡಿಮೆ. ಆದ್ದರಿಂದ ಬೇಳೆಯಿಲ್ಲದೆ ಅದನ್ನು ನೆಚ್ಚಿಕೊಳ್ಳಲಾಗದು. ಪುಟ್ಟ ಹೊಟ್ಟೆಯ ಮಕ್ಕಳಿಗೆ ಅನ್ನ-ಬೇಳೆಯನ್ನು ಒಟ್ಟಿಗೇ ಕೊಡುವುದು ಲೇಸು, ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಈ ಅಳತೆಗೆ ಕೈಹಾಕಬಾರದು.