ಓಪನ್ ಇಂಟರೆಸ್ಟ್ ಇಳಿದರೆ ಪೊಸಿಷನ್ ಮುಚ್ಚಿತೆಂದೇ ಅರ್ಥವೇ? ರೋಲ್‌ಓವರ್ ವಾರದಲ್ಲಿ ನಾನು ಲೆಕ್ಕ ನೋಡುವ ಕ್ರಮ

ಷೇರು ಫ್ಯೂಚರ್ಸ್‌ನಲ್ಲಿ ವ್ಯವಹರಿಸುವ ನಾನು ಪ್ರತಿದಿನ ಸಂಜೆ ತಪ್ಪದೆ ನೋಡುವ ಅಂಕಿ ಓಪನ್ ಇಂಟರೆಸ್ಟ್. ಅದನ್ನು ಓದಲು ಎಲ್ಲರೂ ಬಳಸುವ ಸೂತ್ರ ಬಹಳ ಸರಳವಾಗಿದೆ. ಬೆಲೆಯೂ ಓಪನ್ ಇಂಟರೆಸ್ಟೂ ಜೊತೆಯಾಗಿ ಏರಿದರೆ ಹೊಸ ಲಾಂಗ್, ಬೆಲೆ ಇಳಿದು ಓಪನ್ ಇಂಟರೆಸ್ಟ್ ಏರಿದರೆ ಹೊಸ ಶಾರ್ಟ್, ಬೆಲೆ ಏರಿ ಓಪನ್ ಇಂಟರೆಸ್ಟ್ ಇಳಿದರೆ ಶಾರ್ಟ್ ಕವರಿಂಗ್, ಎರಡೂ ಇಳಿದರೆ ಲಾಂಗ್ ಮಾಡಿದವರು ಹೊರಬೀಳುತ್ತಿದ್ದಾರೆ ಎಂದು ಅದು ಹೇಳುತ್ತದೆ. ನಾನೂ ಇಲ್ಲಿಂದಲೇ ಆರಂಭಿಸುತ್ತೇನೆ. ಆದರೆ ಎಕ್ಸ್‌ಪೈರಿ ಹತ್ತಿರವಾದ ದಿನಗಳಲ್ಲಿ ಈ ಸೂತ್ರವನ್ನು ಒಂದೇ ತಿಂಗಳ ಒಪ್ಪಂದಕ್ಕೆ ಹಚ್ಚಿದರೆ ವಾಸ್ತವಕ್ಕೆ ನೇರ ವಿರುದ್ಧವಾದ ಉತ್ತರ ಬರಬಹುದು. ಹಾಗಾಗದಂತೆ ನಾನು ಅನುಸರಿಸುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲಿಗೆ ಈ ಅಂಕಿ ಏನನ್ನು ಎಣಿಸುತ್ತದೆ ಎಂಬುದು ಸ್ಪಷ್ಟವಾಗಿರಬೇಕು. ದಿನದ ಕೊನೆಗೆ ಮುಚ್ಚದೆ ಉಳಿದಿರುವ ಒಪ್ಪಂದಗಳ ಮೊತ್ತವೇ ಓಪನ್ ಇಂಟರೆಸ್ಟ್. ಒಬ್ಬರು ಹೊಸದಾಗಿ ಕೊಂಡು ಇನ್ನೊಬ್ಬರು ಹೊಸದಾಗಿ ಮಾರಿದರೆ ಅದು ಏರುತ್ತದೆ, ಹಳೆಯ ಲಾಂಗ್ ಇದ್ದವರು ಮಾರಿ ಹಳೆಯ ಶಾರ್ಟ್ ಇದ್ದವರು ಕೊಂಡರೆ ಇಳಿಯುತ್ತದೆ, ಹಳಬರೊಬ್ಬರು ತಮ್ಮ ಪೊಸಿಷನ್ನನ್ನು ಹೊಸಬರಿಗೆ ದಾಟಿಸಿದರೆ ಇದ್ದಷ್ಟೇ ಇರುತ್ತದೆ. ಎಷ್ಟು ಲಾಟ್ ಲಾಂಗ್ ಇದೆಯೋ ಅಷ್ಟೇ ಶಾರ್ಟ್ ಯಾವಾಗಲೂ ಇರುವುದರಿಂದ, ‘ಹೊಸ ಶಾರ್ಟ್’ ಎಂಬ ಮಾತು ಅಂಕಿಯೇ ಹೇಳುವ ಸಂಗತಿಯಲ್ಲ. ಬೆಲೆ ಇಳಿದದ್ದನ್ನು ನೋಡಿ, ಅಂದು ಮಾರುವವರ ಅವಸರ ಕೊಳ್ಳುವವರ ಅವಸರಕ್ಕಿಂತ ಹೆಚ್ಚಾಗಿತ್ತು ಎಂದು ನಾವು ಮಾಡಿಕೊಳ್ಳುವ ಊಹೆ ಅದು. ಊಹೆಗೆ ಬೇರೆ ಸಾಕ್ಷ್ಯಗಳೂ ಬೇಕು.

ಎನ್‌ಎಸ್‌ಇಯಲ್ಲಿ ಯಾವುದೇ ಷೇರಿನ ಫ್ಯೂಚರ್ಸ್ ಏಕಕಾಲಕ್ಕೆ ಮೂರು ತಿಂಗಳ ಒಪ್ಪಂದಗಳಾಗಿ ನಡೆಯುತ್ತವೆ. 2025ರ ಸೆಪ್ಟೆಂಬರ್‌ನಿಂದ ಅವುಗಳ ಎಕ್ಸ್‌ಪೈರಿ ತಿಂಗಳ ಕೊನೆಯ ಮಂಗಳವಾರಕ್ಕೆ ಬಂದಿದೆ. ಷೇರು ಫ್ಯೂಚರ್ಸ್‌ಗಳ ಇತ್ಯರ್ಥ ಷೇರುಗಳ ವಿತರಣೆಯ ಮೂಲಕವೇ ಆಗುವುದರಿಂದ, ಪೊಸಿಷನ್ ಮುಂದುವರಿಸಬೇಕೆನ್ನುವವರಲ್ಲಿ ಹೆಚ್ಚಿನವರು ಕೊನೆಯ ದಿನದವರೆಗೆ ಕಾಯದೆ, ಈ ತಿಂಗಳ ಒಪ್ಪಂದವನ್ನು ಮುಚ್ಚಿ ಮುಂದಿನ ತಿಂಗಳದ್ದನ್ನು ತೆರೆಯುತ್ತಾರೆ. ರೋಲ್‌ಓವರ್ ಎಂದರೆ ಇದೇ. ಆ ವಾರದಲ್ಲಿ ಈ ತಿಂಗಳ ಓಪನ್ ಇಂಟರೆಸ್ಟ್ ಪ್ರತಿದಿನ ಇಳಿಯುವುದು ಸಹಜ. ಹಾಗಾಗಿ ಆ ಇಳಿಕೆಯೊಂದನ್ನೇ ಹಿಡಿದು ತೀರ್ಮಾನಕ್ಕೆ ಬರಲಾಗದು.

ನಾನು ಸಂಜೆ ಎನ್‌ಎಸ್‌ಇ ಜಾಲತಾಣದಿಂದ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗದ ಭಾವ್‌ಕಾಪಿಯನ್ನು ಇಳಿಸಿಕೊಳ್ಳುತ್ತೇನೆ. ಅದರಲ್ಲಿ `TckrSymb` ಕಾಲಂನಲ್ಲಿ ಷೇರಿನ ಸಂಕೇತ, `XpryDt`ಯಲ್ಲಿ ಎಕ್ಸ್‌ಪೈರಿ, `OpnIntrst`ನಲ್ಲಿ ಓಪನ್ ಇಂಟರೆಸ್ಟ್, `ChngInOpnIntrst`ನಲ್ಲಿ ಹಿಂದಿನ ದಿನದಿಂದಾದ ಬದಲಾವಣೆ ಇರುತ್ತವೆ. `FinInstrmTp` ಕಾಲಂನಲ್ಲಿ `STF` ಎಂದಿರುವ ಸಾಲುಗಳು ಷೇರು ಫ್ಯೂಚರ್ಸ್‌ನವು. ಒಂದು ಷೇರಿನ ಅಂತಹ ಮೂರೂ ಸಾಲುಗಳನ್ನು ಕೂಡಿಸುವುದು ನನ್ನ ಮೊದಲ ಕೆಲಸ. ಬದಲಾವಣೆಯನ್ನು ಆ ಮೊತ್ತದಲ್ಲಿ ಮಾತ್ರ ನೋಡುತ್ತೇನೆ.

ಉದಾಹರಣೆಗೆ ಲಾಟಿಗೆ 500 ಷೇರುಗಳಿರುವ ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳನ್ನು ವಿವರಣೆಗಾಗಿ ನಾನೇ ಕಟ್ಟಿದ್ದೇನೆ. ಎಕ್ಸ್‌ಪೈರಿಯ ಹಿಂದಿನ ವಾರದ ಬುಧವಾರ ಈ ತಿಂಗಳ ಒಪ್ಪಂದದಲ್ಲಿ 84 ಲಕ್ಷ ಷೇರುಗಳಷ್ಟು, ಮುಂದಿನ ತಿಂಗಳದ್ದರಲ್ಲಿ 21 ಲಕ್ಷ, ಮೂರನೆಯ ತಿಂಗಳದ್ದರಲ್ಲಿ 1 ಲಕ್ಷ, ಒಟ್ಟು 1.06 ಕೋಟಿ ಷೇರುಗಳಷ್ಟು ಓಪನ್ ಇಂಟರೆಸ್ಟ್ ಇತ್ತೆನ್ನೋಣ. ಗುರುವಾರ ಷೇರಿನ ಬೆಲೆ 1,240 ರೂಪಾಯಿಯಿಂದ 1,214ಕ್ಕೆ ಇಳಿಯಿತು. ಈ ತಿಂಗಳ ಓಪನ್ ಇಂಟರೆಸ್ಟ್ 62 ಲಕ್ಷಕ್ಕೆ ಕುಸಿಯಿತು. ಇಷ್ಟನ್ನೇ ನೋಡುವವರು ಬೆಲೆಯೂ ಓಪನ್ ಇಂಟರೆಸ್ಟೂ ಇಳಿದಿವೆ, ಲಾಂಗ್ ಮಾಡಿದವರು ಹೊರಬಿದ್ದಿದ್ದಾರೆ, ಅವರು ಮಾರಿ ಮುಗಿಸಿದ ಮೇಲೆ ಇಳಿಕೆ ನಿಲ್ಲಬಹುದು ಎಂದು ಬರೆದುಕೊಳ್ಳುತ್ತಾರೆ.

ಆದರೆ ಅದೇ ದಿನ ಮುಂದಿನ ತಿಂಗಳದ್ದು 21 ಲಕ್ಷದಿಂದ 47.5 ಲಕ್ಷಕ್ಕೂ ಮೂರನೆಯ ತಿಂಗಳದ್ದು 1 ಲಕ್ಷದಿಂದ 1.5 ಲಕ್ಷಕ್ಕೂ ಏರಿವೆ. ಮೂರನ್ನೂ ಕೂಡಿಸಿದರೆ 1.11 ಕೋಟಿ. ಅಂದರೆ 22 ಲಕ್ಷ ಇಲ್ಲಿಂದ ಹೋದರೂ ಅಲ್ಲಿ 27 ಲಕ್ಷ ಸೇರಿ, ನಿವ್ವಳವಾಗಿ 5 ಲಕ್ಷ ಷೇರುಗಳಷ್ಟು, ಎಂದರೆ 1,000 ಲಾಟ್‌ಗಳಷ್ಟು, ಹೊಸ ಪೊಸಿಷನ್ ಬಂದಿದೆ. ಬೆಲೆ ಇಳಿದ ದಿನ ಒಟ್ಟು ಓಪನ್ ಇಂಟರೆಸ್ಟ್ ಸುಮಾರು ಶೇ. 4.7ರಷ್ಟು ಹೆಚ್ಚಿದೆ. ಸೂತ್ರದ ಪ್ರಕಾರವೇ ಇದು ಹೊಸ ಶಾರ್ಟ್‌ನ ಸೂಚನೆ. ಹೊರಬೀಳುತ್ತಿರುವವರು ಮುಗಿದರೆ ಇಳಿಕೆ ನಿಲ್ಲುತ್ತದೆ ಎಂಬ ನಿರೀಕ್ಷೆಗೆ ಇಲ್ಲಿ ಆಧಾರವೇ ಇಲ್ಲ.

ಇದು ನಿಜಕ್ಕೂ ಇಳಿಕೆಯನ್ನು ನಿರೀಕ್ಷಿಸುವವರ ಶಾರ್ಟ್ ಹೌದೇ ಎಂಬುದನ್ನು ಪರೀಕ್ಷಿಸಲು ನಾನು ಫ್ಯೂಚರ್ಸ್ ಬೆಲೆಗೂ ಷೇರಿನ ಬೆಲೆಗೂ ಇರುವ ಅಂತರವನ್ನು ನೋಡುತ್ತೇನೆ. ಕಾರಣವಿದೆ. ಮ್ಯೂಚುವಲ್ ಫಂಡ್‌ಗಳ ಆರ್ಬಿಟ್ರೇಜ್ ಯೋಜನೆಗಳು ಷೇರನ್ನು ಕೊಂಡು ಅದೇ ಷೇರಿನ ಫ್ಯೂಚರ್ಸ್ ಮಾರುತ್ತವೆ. ಅವುಗಳ ಶಾರ್ಟ್‌ಗೂ ಬೆಲೆ ಇಳಿಯುತ್ತದೆಂಬ ಎಣಿಕೆಗೂ ಸಂಬಂಧವಿಲ್ಲ, ನಡುವಿನ ಅಂತರ ಬಡ್ಡಿಗಿಂತ ಹೆಚ್ಚಾಗಿ ಸಿಕ್ಕರೆ ಅವುಗಳಿಗೆ ಸಾಕು. ಆದ್ದರಿಂದ ಅಂತರ ಹಿಗ್ಗಿರುವಾಗ ಓಪನ್ ಇಂಟರೆಸ್ಟ್ ಏರಿದರೆ ಆ ಶಾರ್ಟ್‌ನಲ್ಲಿ ದೊಡ್ಡ ಪಾಲು ಆರ್ಬಿಟ್ರೇಜ್‌ನದ್ದಾಗಿರಬಹುದು. ನಮ್ಮ ಉದಾಹರಣೆಯಲ್ಲಿ ಮುಂದಿನ ತಿಂಗಳ ಫ್ಯೂಚರ್ಸ್ ಬುಧವಾರ 1,250ರಲ್ಲಿ, ಅಂದರೆ ಷೇರಿಗಿಂತ 10 ರೂಪಾಯಿ ಮೇಲಿತ್ತು. ಗುರುವಾರ 1,216ಕ್ಕೆ ಮುಗಿದಾಗ ಆ ಅಂತರ 2 ರೂಪಾಯಿಗೆ ಕುಗ್ಗಿತ್ತು. ವರ್ಷಕ್ಕೆ ಶೇ. 6.5ರ ಬಡ್ಡಿಯಂತೆ 33 ದಿನಗಳಿಗೆ 1,214 ರೂಪಾಯಿಯ ಮೇಲೆ 7 ರೂಪಾಯಿಗಳಷ್ಟು ಅಂತರ ಇರಬೇಕಿತ್ತು. 2 ರೂಪಾಯಿಗಾಗಿ ಯಾವ ಆರ್ಬಿಟ್ರೇಜ್ ಯೋಜನೆಯೂ ಹೊಸದಾಗಿ ಫ್ಯೂಚರ್ಸ್ ಮಾರುವ ಸಂಭವ ಕಡಿಮೆ. ಅಂದರೆ ಮಾರಾಟದ ಒತ್ತಡ ಬೇರೆ ಕಡೆಯಿಂದ ಬಂದಿದೆ.

ಎರಡು ತಿಂಗಳ ಫ್ಯೂಚರ್ಸ್‌ಗಳ ನಡುವಿನ ವ್ಯತ್ಯಾಸವೂ ಇದನ್ನೇ ಹೇಳಬೇಕು. ಲಾಂಗ್‌ನಲ್ಲಿರುವವರು ರೋಲ್ ಮಾಡುವಾಗ ಈ ತಿಂಗಳದ್ದನ್ನು ಮಾರಿ ಮುಂದಿನದನ್ನು ಕೊಳ್ಳುತ್ತಾರೆ, ಅವರ ಅವಸರ ಹೆಚ್ಚಿದ್ದರೆ ವ್ಯತ್ಯಾಸ ಹಿಗ್ಗುತ್ತದೆ. ಶಾರ್ಟ್‌ನಲ್ಲಿರುವವರ ಅವಸರ ಹೆಚ್ಚಿದ್ದರೆ ಕುಗ್ಗುತ್ತದೆ. ಇಲ್ಲಿ ಈ ತಿಂಗಳದ್ದು 1,242ರಿಂದ 1,213ಕ್ಕೆ ಬಂದಿದ್ದರೆ ವ್ಯತ್ಯಾಸ 8 ರೂಪಾಯಿಯಿಂದ 3ಕ್ಕೆ ಇಳಿದಂತಾಯಿತು. ಒಟ್ಟು ಓಪನ್ ಇಂಟರೆಸ್ಟ್, ಷೇರಿನೊಂದಿಗಿನ ಅಂತರ, ತಿಂಗಳುಗಳ ನಡುವಿನ ವ್ಯತ್ಯಾಸ, ಈ ಮೂರೂ ಒಂದೇ ದಿಕ್ಕನ್ನು ತೋರಿದಾಗ ಮಾತ್ರ ನಾನು ‘ಹೊಸ ಶಾರ್ಟ್ ಇರಬಹುದು’ ಎಂದು ಬರೆದಿಡುತ್ತೇನೆ. ‘ಬಹುದು’ ಎಂಬುದನ್ನು ಬೇಕೆಂದೇ ಸೇರಿಸುತ್ತೇನೆ, ಏಕೆಂದರೆ ಮರುದಿನ ಬೆಲೆ ಏರುತ್ತಾ ಒಟ್ಟು ಓಪನ್ ಇಂಟರೆಸ್ಟ್ ಇಳಿದರೆ ಆ ಶಾರ್ಟ್‌ಗಳು ಅಷ್ಟೇ ಬೇಗ ಹೊರಬಿದ್ದವೆಂದಾಗುತ್ತದೆ, ಆಗ ನಾನು ಆ ಟಿಪ್ಪಣಿಯನ್ನು ಹೊಡೆದುಹಾಕುತ್ತೇನೆ.

ಒಂದು ವಿಷಯವನ್ನು ಇಲ್ಲಿ ಒತ್ತಿ ಹೇಳಬೇಕು. ಮುಂದಿನ ತಿಂಗಳ ಅವಧಿಯಲ್ಲಿ ಕಂಪನಿಯ ಡಿವಿಡೆಂಡ್ ದಿನಾಂಕ ಬರುವುದಿದ್ದರೆ ಫ್ಯೂಚರ್ಸ್ ಬೆಲೆ ಅಷ್ಟರಮಟ್ಟಿಗೆ ಮೊದಲೇ ಕಡಿಮೆಯಿರುತ್ತದೆ. ಗುರುವಾರವೇ 6 ರೂಪಾಯಿ ಡಿವಿಡೆಂಡ್ ಘೋಷಣೆಯಾಗಿದ್ದರೆ ಮೇಲಿನ ಅಂತರ ಕುಗ್ಗಿದ್ದರ ಹೆಚ್ಚಿನ ಭಾಗಕ್ಕೆ ಅದೇ ಕಾರಣ, ಆಗ ನನ್ನ ಎರಡನೆಯ ಮತ್ತು ಮೂರನೆಯ ಸಾಕ್ಷ್ಯಗಳು ಬಿದ್ದುಹೋಗುತ್ತವೆ. ಬೋನಸ್ ಷೇರು ಅಥವಾ ಮುಖಬೆಲೆ ವಿಭಜನೆಯಾದಾಗಲೂ ಎಚ್ಚರ ಬೇಕು. ಒಂದಕ್ಕೊಂದು ಬೋನಸ್ ಆದರೆ ಷೇರುಗಳ ಲೆಕ್ಕದಲ್ಲಿ ಓಪನ್ ಇಂಟರೆಸ್ಟ್ ಒಂದೇ ದಿನ ಎರಡರಷ್ಟಾಗುತ್ತದೆ, ಆದರೆ ಹೊಸ ಪೊಸಿಷನ್ ಒಂದೂ ಬಂದಿರುವುದಿಲ್ಲ. ಅಸಹಜವಾಗಿ ದೊಡ್ಡ ಬದಲಾವಣೆ ಕಂಡರೆ ಮೊದಲು ಕಂಪನಿಯ ಪ್ರಕಟಣೆಗಳನ್ನು ನೋಡಿ ಆಮೇಲೆ ಅರ್ಥ ಹುಡುಕುವುದು ನನ್ನ ಅಭ್ಯಾಸ.

ಓಪನ್ ಇಂಟರೆಸ್ಟ್ ಇಳಿಯಲು ಇನ್ನೊಂದು ಕಾರಣ ನಿಯಮವೇ ಆಗಿರಬಹುದು. ಒಂದು ಷೇರಿನ ಡೆರಿವೇಟಿವ್ ಪೊಸಿಷನ್‌ಗಳು ಇಡೀ ಮಾರುಕಟ್ಟೆಗೆ ನಿಗದಿಯಾದ ಮಿತಿಯ ಶೇ. 95ನ್ನು ದಾಟಿದರೆ ಆ ಷೇರು ನಿಷೇಧದ ಅವಧಿಗೆ ಸೇರುತ್ತದೆ. ಅದು ಶೇ. 80ಕ್ಕೆ ಇಳಿಯುವವರೆಗೆ ಪೊಸಿಷನ್ ತಗ್ಗಿಸುವುದಕ್ಕಷ್ಟೇ ಅವಕಾಶ. ಆ ದಿನಗಳಲ್ಲಿ ಓಪನ್ ಇಂಟರೆಸ್ಟ್ ಇಳಿಯುವುದು ಸಹಜ. ಅದರಿಂದ ವ್ಯವಹರಿಸುವವರ ಅಭಿಪ್ರಾಯ ಬದಲಾಗಿದೆ ಎಂದು ಓದುವುದು ಸರಿಯಲ್ಲ. 2025ರ ಮೇ 29ರ ಸೆಬಿ ಸುತ್ತೋಲೆಯ ನಂತರ ಈ ಲೆಕ್ಕದಲ್ಲಿ ಆಪ್ಷನ್‌ಗಳನ್ನು ಅವುಗಳ ಡೆಲ್ಟಾಕ್ಕೆ ಅನುಗುಣವಾಗಿ ಪರಿಗಣಿಸುವ ಕ್ರಮ ಬಂದಿರುವುದರಿಂದ, ಒಪ್ಪಂದಗಳನ್ನು ಸುಮ್ಮನೆ ಕೂಡಿಸಿ ಬಂದ ಮೊತ್ತದಿಂದ ನಿಷೇಧವನ್ನು ಮುಂಚಿತವಾಗಿ ಊಹಿಸಲು ನಾನು ಹೋಗುವುದಿಲ್ಲ. ಎಕ್ಸ್‌ಚೇಂಜ್ ಪ್ರಕಟಿಸುವ ಪಟ್ಟಿಯನ್ನೇ ನೋಡುತ್ತೇನೆ.

ಆಪ್ಷನ್ಸ್‌ಗೆ ಬಂದರೆ ನಾನು ಇನ್ನಷ್ಟು ಹಿಂಜರಿಯುತ್ತೇನೆ. ನಿಫ್ಟಿಯ ಒಂದು ಪುಟ್ ಸ್ಟ್ರೈಕ್‌ನಲ್ಲಿ ಓಪನ್ ಇಂಟರೆಸ್ಟ್ ದೊಡ್ಡದಾಗಿ ಬೆಳೆದರೆ ಅಲ್ಲಿ ಮಾರಿದವರು ಸೂಚ್ಯಂಕವನ್ನು ಕೆಳಗಿಳಿಯಲು ಬಿಡುವುದಿಲ್ಲ, ಅದೇ ಬೆಂಬಲ ಎಂಬ ಮಾತು ಸಾಮಾನ್ಯ. ಆದರೆ ಪ್ರತಿ ಪುಟ್‌ಗೂ ಕೊಂಡವರೊಬ್ಬರಿದ್ದಾರೆ. ಆದ್ದರಿಂದ ಆ ದಿನ ಅದರ ಪ್ರೀಮಿಯಂ ಹೇಗೆ ನಡೆದುಕೊಂಡಿತೆಂದು ನೋಡುತ್ತೇನೆ. ಸೂಚ್ಯಂಕ ಹೆಚ್ಚು ಅಲುಗಾಡದೆ, ಓಪನ್ ಇಂಟರೆಸ್ಟ್ ಏರುತ್ತಿದ್ದಂತೆ ಇಂಪ್ಲೈಡ್ ವೊಲಟಿಲಿಟಿ ತಗ್ಗಿದ್ದರೆ ಮಾರುವವರ ಉತ್ಸಾಹ ಹೆಚ್ಚೆನ್ನಬಹುದು. ಅದು ಏರಿದ್ದರೆ ಕೊಳ್ಳುವವರು ಹೆಚ್ಚು ಬೆಲೆ ಕೊಟ್ಟು ರಕ್ಷಣೆ ಪಡೆಯುತ್ತಿದ್ದಾರೆ, ಅಂತಹ ಸ್ಟ್ರೈಕನ್ನು ಬೆಂಬಲ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಕೆಳಗಿನ ಇನ್ನೊಂದು ಸ್ಟ್ರೈಕ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ ಒಪ್ಪಂದಗಳು ಅದೇ ದಿನ ಸೇರಿದ್ದರೆ ಎರಡೂ ಸೇರಿ ಒಂದೇ ಸ್ಪ್ರೆಡ್‌ನ ಭಾಗಗಳಾಗಿರುವ ಸಾಧ್ಯತೆಯಿದೆ. ಹಾಗಿರುವಾಗ ಒಂದು ಸ್ಟ್ರೈಕನ್ನು ಪ್ರತ್ಯೇಕವಾಗಿ ಓದುವುದರಲ್ಲಿ ಅರ್ಥವಿಲ್ಲ. ನಿಫ್ಟಿಯ ವಾರದ ಆಪ್ಷನ್‌ಗಳು ಮಂಗಳವಾರ ಮುಗಿದೊಡನೆ ಅವುಗಳ ಓಪನ್ ಇಂಟರೆಸ್ಟ್ ಪೂರ್ತಿ ಇಲ್ಲವಾಗುವುದರಿಂದ, ಸೋಮವಾರ ಕಂಡ ಸ್ಟ್ರೈಕ್‌ಗಳ ಗೋಡೆಯನ್ನು ನಾನು ಬುಧವಾರದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಆ ದಿನ ತಿಂಗಳ ಎಕ್ಸ್‌ಪೈರಿಯ ಸಾಲುಗಳನ್ನು ಮಾತ್ರ ಹಿಂದಿನ ಅಂಕಿಗಳೊಂದಿಗೆ ಹೋಲಿಸುತ್ತೇನೆ.