ಫೋಟೊ ಕಳೆದುಹೋದಾಗ ಟೈರ್ ನಂಬರ್ ಹೇಳುವುದು ಹೇಗೆ?

ಕಾರವಾರದಲ್ಲಿ ಕೂತು ನಮ್ಮ ಭಾವ ಶಿರಸಿಯ ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಿದ್ದರು. ನಾನು ಪಕ್ಕದಲ್ಲೇ ಇದ್ದೆ. ದೇವಿಮನೆ ಘಟ್ಟದಲ್ಲಿ ಕಲ್ಲಿಗೆ ಬಡಿದು ಕಾರಿನ ಟೈರಿನ ಪಕ್ಕದಲ್ಲಿ ಗುಳ್ಳೆ ಎದ್ದಿತ್ತು. ಕಾರು ಊರಲ್ಲಿ, ಮನೆಗೆ ಬೀಗ. ನಂಬರಿನ ಫೋಟೊ ಹಳೇ ಫೋನಿನಲ್ಲಿತ್ತು, ಹೊಸ ಫೋನಿಗೆ ಬಂದಿರಲಿಲ್ಲ. ನಾಲ್ಕು ಗಂಟೆಯೊಳಗೆ ಸೈಜ್ ಹೇಳಿದರೆ ಮಾತ್ರ ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ಟೈರ್ ಬರುತ್ತದೆ. ಭಾವ ಧೈರ್ಯವಾಗಿ "ನೂರಾ ಅರವತ್ತೈದು, ಎಂಬತ್ತೈದು, ಹದಿನಾಲ್ಕು" ಎಂದುಬಿಟ್ಟರು. ಮೂರರಲ್ಲಿ ಒಂದು ತಪ್ಪು. ಈ ತಪ್ಪನ್ನು ನಾನು ಬೇರೆಯವರಲ್ಲೂ ನೋಡಿದ್ದೇನೆ, ಅದೂ ಹೆಚ್ಚು ಕಡಿಮೆ ಇದೇ ಜಾಗದಲ್ಲಿ.

ಫೋನ್ ಮಾಡುವ ಮೊದಲು ಒಂದು ಚೀಟಿ, ಪೆನ್ನು ಹಿಡಿಯಿರಿ. ನೆನಪಿರುವ ಅಂಕಿಗಳನ್ನೆಲ್ಲ ಹೇಗೆ ಬರುತ್ತವೋ ಹಾಗೇ ಬರೆಯಿರಿ, ಕ್ರಮದ ಚಿಂತೆ ಬೇಡ. ಭಾವನ ಚೀಟಿಯಲ್ಲಿ 165, 85, 14, ಟಿ ಅಕ್ಷರ ಮತ್ತು 2419 ಇದ್ದವು.

ಈಗ ಯಾವುದು ಎಲ್ಲಿ ಕೂರಬೇಕು ಎಂದು ನೋಡೋಣ. ಕಷ್ಟ ಇರುವುದು ಇಲ್ಲಿಯೇ. ಆ ಟೈರಿನ ಮೇಲಿದ್ದ ಪೂರ್ತಿ ಬರಹ ಇದು:

```
165/80 R14 85T
```

165 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಎಂದರೆ ಪಕ್ಕದ ಗೋಡೆಯ ಎತ್ತರ. ಆದರೆ ಇದು ಮಿಲಿಮೀಟರ್ ಅಲ್ಲ, ಅಗಲದ ನೂರಕ್ಕೆ ಎಂಬತ್ತು ಪಾಲು. ಲೆಕ್ಕ ಹಾಕಿದರೆ 132 ಮಿಲಿಮೀಟರ್ ಆಯಿತು. ಆರ್ ಎಂದರೆ ರೇಡಿಯಲ್, ಟೈರ್ ಕಟ್ಟಿದ ಬಗೆ. ರಿಮ್ ಅಂತ ತುಂಬಾ ಜನ ತಿಳಿದಿದ್ದಾರೆ, ಅಲ್ಲ. 14 ಮಾತ್ರ ರಿಮ್ಮಿನ, ಅಂದರೆ ಟೈರ್ ಕೂರುವ ಡಿಸ್ಕಿನ ಅಳತೆ, ಇಂಚಿನಲ್ಲಿ. ಕೊನೆಯ 85 ಭಾರದ ಸಂಕೇತ. ಆ ಒಂದು ಟೈರ್ 515 ಕಿಲೋ ಹೊರುತ್ತದೆ ಎಂದು ಅರ್ಥ. ಟಿ ಅಂದರೆ ಗಂಟೆಗೆ 190 ಕಿಲೋಮೀಟರ್ ವೇಗದವರೆಗೆ ತಡೆಯುತ್ತದೆ.

ಭಾವ ಎಡವಿದ್ದು ಎಲ್ಲಿ ಗೊತ್ತಾಯಿತಲ್ಲ? 80 ಮತ್ತು 85 ಎರಡೂ ಒಂದೇ ಸಾಲಿನಲ್ಲಿವೆ, ಎರಡೂ ಎರಡಂಕಿ. ನೆನಪು ಒಂದನ್ನು ನುಂಗಿ ಇನ್ನೊಂದನ್ನು ಅದರ ಜಾಗದಲ್ಲಿ ಕೂರಿಸಿತು. ಕೊನೆಯ ಅಕ್ಷರಕ್ಕೆ ಅಂಟಿಕೊಂಡಿರುವ ಅಂಕಿ ಯಾವಾಗಲೂ ಭಾರದ್ದು. ಚೀಟಿಯಲ್ಲಿ ಟಿ, ಎಚ್ ಅಥವಾ ಎಸ್ ಇದ್ದರೆ ಅದರ ಜೋಡಿ ಯಾವುದು ಎಂದು ಮೊದಲು ಹುಡುಕಿ, ಆ ಜೋಡಿಯನ್ನು ಪಕ್ಕಕ್ಕಿಡಿ. ಉಳಿದಿದ್ದರಲ್ಲಿ ಸೈಜ್ ಹುಡುಕುವುದು ಸುಲಭ.

ಇನ್ನೊಂದು ಉಪಾಯವಿದೆ. ಕಾರಿನ ಟೈರಿನ ಅಗಲ 5ಕ್ಕೇ ಮುಗಿಯುತ್ತದೆ: 145, 155, 165, 185. ನಿಮಗೆ 160 ಎಂದು ನೆನಪಾದರೆ ನೆನಪು ತಪ್ಪು. ಇವತ್ತಿನ ಬೈಕು, ಸ್ಕೂಟರ್‌ಗಳಲ್ಲಿ ಸಾಮಾನ್ಯವಾಗಿ ಇದರ ಉಲ್ಟಾ, ಅಗಲ 0ಗೆ ಮುಗಿಯುತ್ತದೆ: 80, 90, 100. ಹಳೇ ಬೈಕುಗಳಲ್ಲಿ 2.75 ಎಂದು ಇಂಚಿನ ಲೆಕ್ಕ ಇರುವುದೂ ಉಂಟು.

2419 ಏನು? ಅದು ಸೈಜ್ ಅಲ್ಲ, ತಯಾರಾದ ದಿನಾಂಕ. 2019ರ 24ನೇ ವಾರ. ಮೆಕ್ಯಾನಿಕ್‌ಗೆ ಅದನ್ನು ಹೇಳಲೇಬೇಡಿ, ಸುಮ್ನೆ ತಲೆ ಕೆಡುತ್ತದೆ.

ಈಗ ಫೋನ್ ಮಾಡಿ. ಮೊದಲು ಗಾಡಿ ಯಾವುದು, ಯಾವ ವರ್ಷದ್ದು, ಯಾವ ಮಾಡೆಲ್ ಎಂದು ಹೇಳಿ. ಡಿಸ್ಕ್ ಕಬ್ಬಿಣದ್ದೋ ಅಲಾಯೋ ಅನ್ನುವುದನ್ನೂ ಹೇಳಿ. ಯಾಕೆ ಎಂದರೆ ಒಂದೇ ಗಾಡಿಗೆ ಎರಡು ಸೈಜ್ ಇರಬಹುದು. 2018ರ ಸ್ವಿಫ್ಟ್‌ನ ಕೆಳಗಿನ ಮಾಡೆಲ್‌ಗೆ 165/80 R14, ಮೇಲಿನದ್ದಕ್ಕೆ 185/65 R15. ಎರಡರ ಒಟ್ಟು ಎತ್ತರವೂ ಹೆಚ್ಚು ಕಡಿಮೆ 620 ಮಿಲಿಮೀಟರ್. ದೂರದಿಂದ ನೋಡಿದರೆ ಗುರುತಿಸಲು ಆಗುವುದಿಲ್ಲ. ಆದರೆ 14ರ ಟೈರ್ 15ರ ಡಿಸ್ಕಿಗೆ ಕೂರುವುದೇ ಇಲ್ಲ. ಹಾಗಾಗಿ ಇಂಚು ಒಂದು ಸರಿ ಹೇಳಿದರೆ ಅರ್ಧ ಕೆಲಸ ಮುಗಿಯಿತು.

ನಂಬರ್ ಓದುವಾಗ ಕನ್ನಡದವರಿಗೆ ಬರುವ ಒಂದು ಕಷ್ಟ ಇದೆ. "ಎಂಬತ್ತು ಆರ್ ಹದಿನಾಲ್ಕು" ಎಂದು ಬೇಗ ಹೇಳಿ ನೋಡಿ. ಆಚೆ ಕಡೆ ಕೇಳಿಸುವುದು "ಎಂಬತ್ತಾರು, ಹದಿನಾಲ್ಕು". ಗ್ಯಾರೇಜಿನ ಸದ್ದಿನಲ್ಲಿ, ಘಟ್ಟದ ನೆಟ್‌ವರ್ಕಿನಲ್ಲಿ ಇನ್ನೇನು ಬೇಕು! ಆದ್ದರಿಂದ ಆರ್ ಅನ್ನುವುದನ್ನೇ ಬಿಡಿ. "ಒಂದು, ಆರು, ಐದು ಅಗಲ. ಎಂಟು, ಸೊನ್ನೆ ಗೋಡೆ. ಹದಿನಾಲ್ಕು ಇಂಚು" ಎಂದು ಬಿಡಿಬಿಡಿಯಾಗಿ ಹೇಳಿ. ಇಂಗ್ಲಿಷಿನಲ್ಲಿ ಹೇಳುವವರು ಫಿಫ್ಟೀನ್, ಫಿಫ್ಟಿ ಬಗ್ಗೆ ಹುಷಾರು. ಕೊನೆಗೆ ಅವರಿಂದಲೇ ತಿರುಗಿ ಓದಿಸಿ.

ಯಾವ ಅಂಕಿಯ ಬಗ್ಗೆ ಅನುಮಾನ ಇದೆ ಎಂದು ಹೇಳಲು ನಾಚಿಕೆ ಬೇಡ. ಭಾವ ಮೂರನ್ನೂ ಒಂದೇ ಗತ್ತಿನಲ್ಲಿ ಹೇಳಿದ್ದರಿಂದ ಮೆಕ್ಯಾನಿಕ್ ಎರಡು ನಿಮಿಷ ಸುಮ್ಮನಾದರು. ಆಮೇಲೆ ಕೇಳಿದರು, "ಅಲ್ಲ ಮಾರಾಯ್ರೆ, ಎಂಬತ್ತೈದರ ಮುಂದೆ ಏನಾದ್ರೂ ಅಕ್ಷರ ಇತ್ತಾ?" "ಟಿ ಇತ್ತು ನೋಡಿ." "ಹಾಗಾದ್ರೆ ಅದು ಲೋಡಿಂದು. ನಿಮ್ದು ಎಂಬತ್ತೇ ಇರ್ಬೇಕು." ಎಲ್ಲರಿಗೂ ಇಂಥ ಮೆಕ್ಯಾನಿಕ್ ಸಿಗುವುದಿಲ್ಲ.

ಗೋಡೆಯ ಅಂಕಿ ತಪ್ಪಿದರೆ ಏನಾಗುತ್ತದೆ? ಟೈರ್ ಕೂರುತ್ತದೆ, ಅದೇ ಅಪಾಯ. 80ರ ಬದಲು 65 ಹಾಕಿದರೆ ಆ ಚಕ್ರ ಐದು ಸೆಂಟಿಮೀಟರಿನಷ್ಟು ಗಿಡ್ಡ. ಮುಂದಿನ ಎರಡರಲ್ಲಿ ಒಂದು ಹಾಗಾದರೆ ಸ್ಟೇರಿಂಗ್ ಒಂದು ಕಡೆ ಎಳೆಯುತ್ತದೆ. ಭಾರದ ಅಂಕಿ ಮೊದಲಿನದಕ್ಕಿಂತ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಕಡಿಮೆ ಇರಬಾರದು.

"ಸ್ಟೆಪ್ನಿ ನೋಡಿದರಾಯ್ತಲ್ಲ" ಎನ್ನುವವರಿಗೆ ಒಂದು ಮಾತು. ಕೆಲವು ಕಾರುಗಳ ಮೇಲಿನ ಮಾಡೆಲ್‌ನಲ್ಲಿ ಸ್ಟೆಪ್ನಿಯ ಸೈಜೇ ಬೇರೆ ಇರುತ್ತದೆ. ಡ್ರೈವರ್ ಬಾಗಿಲು ತೆರೆದರೆ ಕಾಣುವ ಗಾಳಿಯ ಒತ್ತಡದ ಚೀಟಿಯಲ್ಲಿರುವ ಸೈಜ್ ಹೆಚ್ಚು ನಂಬಿಕೆಯದು. ನಾನಂತೂ ಆ ನಂಬರನ್ನು ಆರ್‌ಸಿ ಜೊತೆ ಕಾಗದದ ಮೇಲೆ ಬರೆದಿಟ್ಟಿದ್ದೇನೆ. ರೀಸೋಲ್ ಮಾಡಿ ಕಪ್ಪು ಪಾಲಿಶ್ ಹೊಡೆದ ಅಗ್ಗದ ಟೈರ್ ಯಾರಾದರೂ ಕೊಡಲು ಬಂದರೆ ಬೇಡವೇ ಬೇಡ. ಘಟ್ಟ ಇಳಿಯುವ ಕಾರಿಗೆ ಅದು ಆಗಿಬರುವುದಿಲ್ಲ.

ಟೈರ್ ಬಂದ ಮೇಲೆ, ಡಿಸ್ಕಿಗೆ ಹಾಕುವ ಮೊದಲು, ಹಳೇ ಟೈರಿನ ಪಕ್ಕ ನಿಲ್ಲಿಸಿ ಎರಡನ್ನೂ ಓದಿ. ಹಾಕಿದ ಮೇಲೆ ಅಂಗಡಿಯವರು ವಾಪಸ್ ತಗೊಳ್ಳುವುದು ಕಷ್ಟ. ದಿನಾಂಕದ ನಾಲ್ಕಂಕಿಯನ್ನೂ ಈಗ ನೋಡಿ. ಅದು ಟೈರಿನ ಒಂದೇ ಪಕ್ಕದಲ್ಲಿ ಇರಬಹುದು, ಕಾಣದಿದ್ದರೆ ಹೊರಳಿಸಿ. ಎರಡು ವರ್ಷಕ್ಕಿಂತ ಹಳೆಯದಾದರೆ ನಾನು ತಗೊಳ್ಳುವುದಿಲ್ಲ.

ಮರುದಿನ ಬೆಳಿಗ್ಗೆ ಭಾವ ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು ಹಳೇ ಟೈರಿನ ಕೆಸರು ಒರೆಸಿ, ಬೆರಳಿಟ್ಟು ಓದಿದರು. ಎಂಬತ್ತು. ಅದರ ಮುಂದೆ ನಾಲ್ಕು ಬೆರಳು ಆಚೆ, ಎಂಬತ್ತೈದು ಟಿ.