ಅಂಧ ಸಹೋದ್ಯೋಗಿ ಬರುವ ಮುನ್ನ ನಿಮ್ಮ ಫೈಲುಗಳನ್ನು ಸರಿಮಾಡಿ

ಅಂಧ ನೌಕರರೊಬ್ಬರು ಸೇರುತ್ತಾರೆ ಎಂದಾಗ ಹೆಚ್ಚಿನ ಕಚೇರಿಗಳು ಲಿಫ್ಟಿನ ಪಕ್ಕ ಬ್ರೈಲ್ ಫಲಕ ಹಾಕಿಸುತ್ತವೆ. ಒಳ್ಳೆಯದೇ. ಆದರೆ ಮಾರನೇ ದಿನ ಅವರಿಗೆ ಹೋಗುವುದು ಸ್ಕ್ಯಾನ್ ಮಾಡಿದ ಸುತ್ತೋಲೆ. ಅದನ್ನು ಓದಲು ಅವರು ಪಕ್ಕದವರನ್ನು ಕರೆಯಬೇಕು. ಇದನ್ನು ತುಂಬಾ ಕಡೆ ನೋಡಿದ್ದೇನೆ. ಕೆಲಸ ಗೊತ್ತಿರುವವರೂ ಸುಮ್ನೆ ಕೂರುವಂತಾಗುವುದು ಹೀಗೆಯೇ.

ಮೊದಲು ಅವರನ್ನೇ ಕೇಳಿ: ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ಯಾವುದನ್ನು ಬಳಸುತ್ತೀರಿ? ಸ್ವಲ್ಪ ದೃಷ್ಟಿ ಇದ್ದರೆ ದೊಡ್ಡ ಅಕ್ಷರ ಸಾಕಾ? ಅವರ ಮನೆಯವರನ್ನೋ ಜೊತೆಗೆ ಬಂದವರನ್ನೋ ಕೇಳಬೇಡಿ.

ಎರಡನೆಯದು, ಕಂಪ್ಯೂಟರಿನಲ್ಲಿ ಸ್ಕ್ರೀನ್ ರೀಡರ್ ಹಾಕಿಸುವುದು. ಎನ್‌ವಿಡಿಎ ಉಚಿತ, ಕನ್ನಡವನ್ನೂ ಓದುತ್ತದೆ. ದನಿ ಯಂತ್ರದಂತಿರುತ್ತದೆ, ಆದರೆ ರೂಢಿಯಾದವರು ಅದನ್ನೇ ಬಹಳ ವೇಗವಾಗಿ ಕೇಳಿಸಿಕೊಳ್ಳುತ್ತಾರೆ. ಇನ್‌ಸ್ಟಾಲ್ ಮಾಡಲು ಐಟಿ ವಿಭಾಗದ ಅನುಮತಿ ಬೇಕಾಗಬಹುದು, ಸೇರುವ ದಿನಕ್ಕೆ ಮೊದಲೇ ಅದನ್ನು ಮುಗಿಸಿ. ಇಯರ್‌ಫೋನ್ ಕಚೇರಿಯೇ ಕೊಡಲಿ.

ಎಲ್ಲರೂ ಎಡವುವುದು ಮೂರನೆಯದರಲ್ಲಿ: ಫೈಲುಗಳು. ಪಿಡಿಎಫ್ ತೆರೆದು ಒಂದು ಸಾಲನ್ನು ಮೌಸಿನಿಂದ ಆಯ್ಕೆ ಮಾಡಿ ನೋಡಿ. ಆಯ್ಕೆಯೇ ಆಗದಿದ್ದರೆ ಅಥವಾ ಇಡೀ ಪುಟ ಒಂದೇ ತುಂಡಾಗಿ ಆಯ್ಕೆಯಾದರೆ ಅದು ಬರೀ ಫೋಟೋ. ಸ್ಕ್ರೀನ್ ರೀಡರಿಗೆ ಅಲ್ಲಿ ಅಕ್ಷರವೇ ಇಲ್ಲ. ಟೈಪ್ ಮಾಡಿದವರಿಂದ ಮೂಲ ವರ್ಡ್ ಫೈಲನ್ನೇ ತರಿಸಿ.

ಸಾಲು ಆಯ್ಕೆಯಾದರೂ ಗೆದ್ದಂತಲ್ಲ. ಅದನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. "ಕನ್ನಡ" ಎಂಬ ಪದ ಹೀಗೆ ಕಂಡರೆ ಫೈಲು ಹಳೆಯ ನುಡಿ ಫಾಂಟಿನದು:

```
PÀ£ÀßqÀ
```

ಹಳೆಯ ನುಡಿ ಫಾಂಟಿನಲ್ಲಿ ಕಣ್ಣಿಗೆ ಕನ್ನಡ ಕಂಡರೂ ಫೈಲಿನೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆ. ಸ್ಕ್ರೀನ್ ರೀಡರ್ ಓದುವುದು ಅದನ್ನೇ. ಕೇಳುವವರ ಕಿವಿಗೆ ಬರೀ ಗದ್ದಲ. ಇದಕ್ಕೆ ಮದ್ದು ಯೂನಿಕೋಡ್ ಪರಿವರ್ತಕ, ಅಂದರೆ ಆ ಚಿಹ್ನೆಗಳನ್ನು ನಿಜವಾದ ಕನ್ನಡ ಅಕ್ಷರಗಳಾಗಿ ಬದಲಿಸುವ ತಂತ್ರಾಂಶ. ಆದರೆ ಪರಿವರ್ತಿಸಿ ಹಾಗೆಯೇ ಕಳಿಸಬೇಡಿ. ರಜೆಯ ಸುತ್ತೋಲೆಯೊಂದನ್ನು ತೆಗೆದುಕೊಳ್ಳಿ. ಅದರಲ್ಲಿ `CL`, `EL` ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಪಠ್ಯವನ್ನು ಪೇಸ್ಟ್ ಮಾಡಿ ಪರಿವರ್ತಿಸಿದರೆ ಇವನ್ನೂ ನುಡಿ ಅಕ್ಷರ ಎಂದೇ ತಿಳಿದು `CL` ಅನ್ನು "ಅಐ", `EL` ಅನ್ನು "ಇಐ" ಮಾಡಿಬಿಡಬಹುದು. ಹೆಸರು, ಇಮೇಲ್ ವಿಳಾಸ, ವೆಬ್ ಕೊಂಡಿಗೂ ಇದೇ ಗತಿ. ಹಾಗಾಗಿ ಇಂಗ್ಲಿಷ್ ಇರುವ ಕಡೆಯೆಲ್ಲ ಮೂಲದ ಜೊತೆ ಹೋಲಿಸಿ ತಿದ್ದಿ. ಹೊಸ ಫೈಲುಗಳನ್ನಂತೂ ಇವತ್ತಿನಿಂದಲೇ ಯೂನಿಕೋಡಿನಲ್ಲೇ ಟೈಪ್ ಮಾಡಿಸಿ. ಈಗಿನ ನುಡಿಯಲ್ಲೂ ಯೂನಿಕೋಡ್ ಆಯ್ಕೆ ಇದೆ, ಟೈಪಿಸ್ಟ್ ಕೀಲಿಮಣೆ ಬದಲಿಸಬೇಕಿಲ್ಲ.

ಮೂಲ ಫೈಲು ಸಿಗದ ಹಳೆಯ ಆದೇಶಗಳಿಗೆ ಗೂಗಲ್ ಡ್ರೈವ್ ಫೋಟೋದಿಂದ ಕನ್ನಡ ಅಕ್ಷರ ತೆಗೆದುಕೊಡುತ್ತದೆ. ಒತ್ತಕ್ಷರ, ಅಂಕಿಗಳು ಆಗಾಗ ತಪ್ಪುತ್ತವೆ, ಒಮ್ಮೆ ಓದಿ ನೋಡಿ. ಸಂಬಳ, ವೈದ್ಯಕೀಯ ವಿವರ ಇರುವ ಕಾಗದಗಳನ್ನು ಮಾತ್ರ ಹೀಗೆ ಹೊರಗಿನ ಸೇವೆಗೆ ಹಾಕಬೇಡಿ, ಟೈಪ್ ಮಾಡಿಸಿ. ವಾಟ್ಸ್ಆ್ಯಪ್ ಗುಂಪಿಗೆ ನೋಟಿಸ್ ಬೋರ್ಡಿನ ಫೋಟೋ ಹಾಕುವ ಅಭ್ಯಾಸವನ್ನೂ ನಿಲ್ಲಿಸಿ. ಎರಡು ಸಾಲು ಟೈಪ್ ಮಾಡಿದರೆ ಆಯ್ತು, ಅಲ್ವಾ?

ಎಕ್ಸೆಲ್‌ನಲ್ಲಿ ಬಣ್ಣವೇ ದೊಡ್ಡ ತೊಂದರೆ. ಹಾಜರಿ ಪಟ್ಟಿಯಲ್ಲಿ ರಜೆ ಹಾಕಿದ ದಿನಕ್ಕೆ ಕೆಂಪು ಬಳಿದರೆ ಸ್ಕ್ರೀನ್ ರೀಡರ್ ಸಾಮಾನ್ಯವಾಗಿ ಆ ಬಣ್ಣವನ್ನು ಹೇಳುವುದೇ ಇಲ್ಲ. ಬಣ್ಣ ಇರಲಿ, ಆ ಸೆಲ್‌ನೊಳಗೆ "ರಜೆ" ಎಂದೂ ಬರೆಯಿರಿ. ಸೆಲ್‌ಗಳನ್ನು ಮರ್ಜ್ ಮಾಡಬೇಡಿ, ಯಾವ ಅಂಕಿ ಯಾವ ಕಾಲಮ್ಮಿನದು ಎಂಬುದೇ ತಪ್ಪಿಹೋಗುತ್ತದೆ.

ನಾಲ್ಕನೆಯದು, ಕಚೇರಿಯ ಸಾಫ್ಟ್‌ವೇರ್. ಮೌಸ್ ಪಕ್ಕಕ್ಕಿಟ್ಟು ಟ್ಯಾಬ್, ಎಂಟರ್, ಸ್ಪೇಸ್ ಮತ್ತು ಬಾಣದ ಕೀಲಿಗಳಿಂದಲೇ ಒಂದು ಅರ್ಜಿ ತುಂಬಿ ನೋಡಿ. ಎಲ್ಲಿ ಸಿಕ್ಕಿಹಾಕಿಕೊಂಡಿರೋ ಅಲ್ಲಿ ಅವರೂ ಸಿಕ್ಕಿಹಾಕಿಕೊಳ್ಳುತ್ತಾರೆ. ಹೆಸರಿಡದ ಗುಂಡಿಗಳನ್ನು ಸ್ಕ್ರೀನ್ ರೀಡರ್ ಬರೀ "ಬಟನ್" ಎನ್ನುತ್ತದೆ, ಅದು ಉಳಿಸುವುದೋ ಅಳಿಸುವುದೋ ತಿಳಿಯದು. ಸಾಫ್ಟ್‌ವೇರ್ ಮಾಡಿಕೊಟ್ಟವರಿಗೆ ಇವನ್ನು ಬರೆದು ಕಳಿಸಿ. ಒಂದು ಸಾಲಿನ ಕೋಡ್ ಹಾಕಿದರೆ ಇಡೀ ಜಾಲತಾಣ ಸರಿಹೋಗುತ್ತದೆ ಎಂದು ಮಾರುವ ಓವರ್‌ಲೇ ಉತ್ಪನ್ನಗಳಿಗೆ ದುಡ್ಡು ಕೊಡಲೇಬೇಡಿ. ಎಷ್ಟೋ ಸಲ ಅವು ಸ್ಕ್ರೀನ್ ರೀಡರಿಗೇ ಅಡ್ಡ ಬರುತ್ತವೆ.

ಓಡಾಡುವ ದಾರಿಯಲ್ಲಿ ಹೂಕುಂಡ, ಕಾಗದದ ಕಟ್ಟು ಇಡಬೇಡಿ. ಪೀಠೋಪಕರಣ ಸರಿಸಿದರೆ ಅವರಿಗೆ ಹೇಳಿ.

ಖರ್ಚಿನ ಮಾತು ಬಂದರೆ ಒಂದು ವಿಷಯ ತಿಳಿದಿರಿ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 20ನೇ ಕಲಂ ಪ್ರಕಾರ ಸರ್ಕಾರಿ ಕಚೇರಿಗಳು ಇಂಥ ಅನುಕೂಲ ಮಾಡಿಕೊಡಲೇಬೇಕು. ನೌಕರಿಯಲ್ಲಿದ್ದಾಗ ದೃಷ್ಟಿ ಹೋದರೂ ಆ ನೌಕರರನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. 21ನೇ ಕಲಂ ಖಾಸಗಿಯವರಿಗೂ ಅನ್ವಯಿಸುತ್ತದೆ: ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ನಿಮ್ಮ ನೀತಿಯಲ್ಲಿ "ಎಲ್ಲ ಸುತ್ತೋಲೆಗಳೂ ಯೂನಿಕೋಡಿನಲ್ಲಿ, ಸ್ಕ್ಯಾನ್ ಪ್ರತಿಯ ಜೊತೆ ಮೂಲ ಫೈಲು ಕಡ್ಡಾಯ" ಎಂದು ಸೇರಿಸಿ, ಅದನ್ನು ನೋಡಿಕೊಳ್ಳುವವರ ಹೆಸರನ್ನೂ ಬರೆಯಿರಿ.